ಕೆಮ್ಮುವ ಲ್ಯಾಬ್ರಡಾರ್‌ನ ಎಕ್ಸ್‌ರೇ: ಇದು ಬ್ರಾಂಕಿಯಲ್ಲೋ, ಅಲ್ವಿಯೋಲಾರೋ?

ಯಲಹಂಕ_ಕ್ಲಿನಿಕ್

ಎಲ್ಲರಿಗೂ ನಮಸ್ಕಾರ. ಒಂದು ಪ್ಲೇಟ್ ವಿಷಯದಲ್ಲಿ ಕ್ಲಿನಿಕ್‌ನಲ್ಲೇ ಇಬ್ಬರ ಮಧ್ಯೆ ಜಟಾಪಟಿ ನಡೆದಿದೆ, ಬಿಡಿಸಿಕೊಡಿ.

ಗಂಡು ಲ್ಯಾಬ್ರಡಾರ್, 9 ವರ್ಷ, 38 ಕೆ.ಜಿ. ಮೂರು ವಾರದಿಂದ ಒಣ ಕೆಮ್ಮು. ಎರಡು ದಿನದಿಂದ ಕೆಮ್ಮಿನ ದನಿಯೇ ಬದಲಾಗಿದೆ, ಗೊರಗೊರ ಅನ್ನುತ್ತದೆ. ಭಾನುವಾರ ಊಟ ಆದಮೇಲೆ ಎರಡು ಸಲ ವಾಂತಿ. ಇವತ್ತು ಜ್ವರ 103.4 ಡಿಗ್ರಿ ಫ್ಯಾರನ್‌ಹೀಟ್, ಸುಮ್ಮನೆ ಮಲಗಿದ್ದಾಗ ಉಸಿರು ನಿಮಿಷಕ್ಕೆ 44. ಹೃದಯದಲ್ಲಿ ಮರ್ಮರ್ ಇಲ್ಲ. ಬಲ ಮಗ್ಗುಲು ಕೆಳಗೆ ಮಾಡಿ ಒಂದು ಲ್ಯಾಟರಲ್, ಮತ್ತೆ ಒಂದು ವಿಡಿ ತೆಗೆದಿದ್ದೇವೆ.

ಲ್ಯಾಟರಲ್‌ನಲ್ಲಿ ಹೃದಯದ ಮುಂದೆ, ಕ್ರೇನಿಯಲ್ ಲೋಬ್‌ನಲ್ಲಿ, ಎರಡು ಬಿಳಿ ಗೆರೆ, ನಡುವೆ ಒಂದು ಕಪ್ಪು ಪಟ್ಟಿ. ಹಿಂದಿನ ಲೋಬ್‌ಗಳಲ್ಲಿ ಅಲ್ಲಲ್ಲಿ ಉಂಗುರ. ಹೃದಯದ ಮೇಲೆ ಸ್ವಲ್ಪ ಮಬ್ಬು ಬಿಳಿ. ನಾನು ಬ್ರಾಂಕಿಯಲ್ ಅಂದೆ, ಪ್ರೆಡ್ನಿಸೊಲೋನ್ ಶುರು ಮಾಡೋಣ ಅಂತಿದ್ದೆ. ಜೊತೆಯವರು ಆ ಕಪ್ಪು ಪಟ್ಟಿ ಏರ್ ಬ್ರಾಂಕೋಗ್ರಾಂ, ಇದು ಅಲ್ವಿಯೋಲಾರ್ ಅಂತಾರೆ. ಯಾರು ಸರಿ?

ಫಿಲ್ಮ್_ಪ್ರಿಯ

ಇದರಲ್ಲಿ ಗೊಂದಲಕ್ಕೇನಿದೆ ಸರ್? ಕಪ್ಪು ಕೊಳವೆ ಕಂಡರೆ ಏರ್ ಬ್ರಾಂಕೋಗ್ರಾಂ, ಏರ್ ಬ್ರಾಂಕೋಗ್ರಾಂ ಇದ್ದರೆ ಅಲ್ವಿಯೋಲಾರ್. ಉಂಗುರ ಮತ್ತು ರೈಲು ಹಳಿ ಥರದ ಗೆರೆ ಕಂಡರೆ ಬ್ರಾಂಕಿಯಲ್. ನಿಮ್ಮಲ್ಲಿ ಎರಡೂ ಇದೆ, ಮಿಕ್ಸೆಡ್ ಅಂತ ಬರೆದು ಎರಡಕ್ಕೂ ಔಷಧಿ ಕೊಡಿ.

ಹೆಬ್ಬಾಳ_ಹಳಬ

ಮಿಕ್ಸೆಡ್ ಅಂತ ಬರೆಯುವುದು ಉತ್ತರ ಗೊತ್ತಿಲ್ಲ ಅಂತ ಮರ್ಯಾದೆಯಾಗಿ ಹೇಳುವ ರೀತಿ ಅಷ್ಟೆ. ಕೊನೆಗೆ ಹಾಗೇ ಬರೆಯಬೇಕಾಗಬಹುದು. ಈಗಲೇ ಬೇಡ.

ಕಪ್ಪು ಕೊಳವೆ ಇರುವುದು ದೊಡ್ಡ ವಿಷಯವಲ್ಲ. ಶ್ವಾಸನಾಳದೊಳಗೆ ಗಾಳಿ ಇರಲೇಬೇಕು, ಆರೋಗ್ಯವಂತ ನಾಯಿಯಲ್ಲೂ ಅದು ಕಪ್ಪೇ. ಆದರೆ ಸುತ್ತಲಿನ ಶ್ವಾಸಕೋಶವೂ ಕಪ್ಪು, ನಡುವಿನ ಗೋಡೆ ತೀರಾ ತೆಳು, ಆದ್ದರಿಂದ ಹೃದಯದ ಆಸುಪಾಸಿನ ದಪ್ಪ ನಾಳಗಳನ್ನು ಬಿಟ್ಟರೆ ಉಳಿದವು ಕಣ್ಣಿಗೆ ಬೀಳುವುದಿಲ್ಲ. ಕೊಳವೆ ಕಾಣಿಸಿತು ಅಂದಕೂಡಲೇ ಅದರ ಒಳಗೆ ನೋಡಬೇಡಿ, ಹೊರಗೆ ನೋಡಿ. ಬಿಳಿ ಗೆರೆಯ ಆಚೆ ಬದಿಗೆ ಏನಿದೆ?

ಗೋಡೆ ದಪ್ಪವಾಗಿದ್ದರೆ ಒಳಗೆ ಕಪ್ಪು, ಗೋಡೆ ಬಿಳಿ, ಆಚೆ ಮತ್ತೆ ಕಪ್ಪು. ಉದ್ದಕ್ಕೆ ಕಂಡರೆ ರೈಲು ಹಳಿ, ಅಡ್ಡಕ್ಕೆ ಕಂಡರೆ ಕೋಡುಬಳೆ. ಪಕ್ಕದಲ್ಲೇ ಹೋಗುವ ರಕ್ತನಾಳದ ಅಂಚು ಬೇರೆಯಾಗಿ, ಸ್ಪಷ್ಟವಾಗಿ ಕಾಣುತ್ತಿರುತ್ತದೆ. ಇದು ಬ್ರಾಂಕಿಯಲ್.

ಅಲ್ವಿಯೋಲಾರ್‌ನಲ್ಲಿ ಗಾಳಿಗೂಡುಗಳಲ್ಲೇ ಕೀವೋ ನೀರೋ ರಕ್ತವೋ ತುಂಬಿರುತ್ತದೆ. ಆಗ ಕೊಳವೆಯ ಸುತ್ತ ಎಲ್ಲ ಕಡೆ ಒಂದೇ ಸಮನೆ ಬಿಳಿ. ಗೋಡೆ ಅಂತ ಪ್ರತ್ಯೇಕ ಗೆರೆ ಇರುವುದಿಲ್ಲ, ಏಕೆಂದರೆ ಗೋಡೆಯೂ ಬಿಳಿ, ಅದರಾಚೆಯದೂ ಬಿಳಿ. ರಕ್ತನಾಳವೂ ಆ ಬಿಳಿಯಲ್ಲೇ ಕರಗಿಹೋಗಿರುತ್ತದೆ. ಹಾಲಿನ ಪಾತ್ರೆಯಲ್ಲಿ ಬಿಳಿ ದಾರ ಹುಡುಕಿದ ಹಾಗೆ.

ನಿಮ್ಮ ಕ್ರೇನಿಯಲ್ ಲೋಬ್‌ನ ಗೆರೆಗಳು ಬಹುಶಃ ಎರಡೂ ಅಲ್ಲ. ಆ ಜಾಗದಲ್ಲಿ ಮೇಲೆ ಅಪಧಮನಿ, ಕೆಳಗೆ ಅಭಿಧಮನಿ, ನಡುವೆ ಶ್ವಾಸನಾಳ ಜೊತೆಜೊತೆಯಾಗಿ ಹೋಗುತ್ತವೆ. ಎರಡು ರಕ್ತನಾಳ ಬಿಳಿ, ನಡುವಿನದು ಕಪ್ಪು. ಪ್ರತಿ ಲ್ಯಾಬ್ರಡಾರ್‌ನಲ್ಲೂ ಇದು ಕಾಣುತ್ತದೆ, ಪ್ರತಿ ವರ್ಷ ಹೊಸ ಬ್ಯಾಚ್‌ನವರು ಇದನ್ನೇ ಏರ್ ಬ್ರಾಂಕೋಗ್ರಾಂ ಅನ್ನುತ್ತಾರೆ. ಪರೀಕ್ಷೆ ಹೀಗೆ ಮಾಡಿ: ಒಂದೊಂದು ಬಿಳಿ ಪಟ್ಟಿಗೂ ಎರಡು ಅಂಚು ಇದೆಯೇ ನೋಡಿ. ಮೇಲಿನ ಪಟ್ಟಿಯ ಮೇಲಂಚು, ಕೆಳಗಿನ ಪಟ್ಟಿಯ ಕೆಳಅಂಚು, ಎರಡೂ ಕಂಡು ಅದರಾಚೆ ಕಪ್ಪು ಶ್ವಾಸಕೋಶ ಇದ್ದರೆ ಅವು ರಕ್ತನಾಳಗಳು. ದೂರ ಹೋದಂತೆ ಸಣ್ಣಗಾಗುತ್ತವೆ ಕೂಡ.

ಪಗ್_ಅಮ್ಮ

ನಮ್ಮ ಪಗ್‌ಗೂ ಕೆಮ್ಮು ಡಾಕ್ಟ್ರೇ, 7 ವರ್ಷ, 13 ಕೆ.ಜಿ. ಎಕ್ಸ್‌ರೇ ತೆಗೆಸಿದ್ವಿ, ಪೂರ್ತಿ ಬೆಳ್ಳಗಿದೆ, ನ್ಯುಮೋನಿಯಾ ಅಂದ್ರು. ಆದ್ರೆ ಜ್ವರ ಇಲ್ಲ, ಅನ್ನ ಮೊಸರು ಚೆನ್ನಾಗಿ ತಿಂತಾಳೆ, ವಾಕಿಂಗ್‌ನಲ್ಲಿ ಬೆಲ್ಟ್ ಎಳೆದಾಗ ಮಾತ್ರ ಕೆಮ್ಮು. ಇದು ಯಾವ ಪ್ಯಾಟರ್ನ್?

ಜಯನಗರ_ಮೆಡಿಸಿನ್

ಅಮ್ಮಾ, ಪ್ಲೇಟ್ ನೋಡದೆ ಪ್ಯಾಟರ್ನ್ ಹೇಳಲಾಗದು. ಆದರೆ ಪಗ್‌ಗೆ 13 ಕೆ.ಜಿ. ಜಾಸ್ತಿ. ಎದೆಯ ಹೊರಗೂ ಒಳಗೂ ಕೊಬ್ಬು ಇದ್ದು, ಹೊಟ್ಟೆ ವಪೆಯನ್ನು ಮುಂದಕ್ಕೆ ತಳ್ಳಿದಾಗ, ಏನೂ ಕಾಯಿಲೆ ಇಲ್ಲದ ಶ್ವಾಸಕೋಶವೂ ಬೆಳ್ಳಗೆ ಬರುತ್ತದೆ. ಅವಳು ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷ ಉಸಿರು ಎಣಿಸಿ. 30ರ ಒಳಗಿದ್ದರೆ ಗಾಬರಿ ಬೇಡ, ಕತ್ತಿನ ಬೆಲ್ಟ್ ತೆಗೆದು ಎದೆಗೆ ಹಾಕುವ ಹಾರ್ನೆಸ್ ತನ್ನಿ, ಕಂಠನಾಳ ನೋಡಿಸಿ. 40 ದಾಟುತ್ತಿದ್ದರೆ ಇಲ್ಲಿ ಬರೆಯುತ್ತಾ ಕೂರದೆ ಕರೆದುಕೊಂಡು ಹೋಗಿ.

ಯಲಹಂಕದವರೇ, ನಿಮಗೂ ಇದೇ ಪ್ರಶ್ನೆ. ಪ್ಲೇಟ್ ಉಸಿರು ಒಳಗೆಳೆದಾಗ ಸಿಕ್ಕಿದ್ದೇ, ಬಿಟ್ಟಾಗ ಸಿಕ್ಕಿದ್ದೇ?

ಡಿಆರ್_ಟೆಕ್ನಿಷಿಯನ್

ಮೇಡಂ ಕೇಳಿದ್ದು ಸರಿ. ಓದುವ ಮೊದಲು ಪ್ಲೇಟ್‌ನ ಯೋಗ್ಯತೆ ನೋಡಿ. ಲ್ಯಾಟರಲ್‌ನಲ್ಲಿ ಶ್ವಾಸಕೋಶದ ಹಿಂದಿನ ಮೇಲ್ತುದಿ ಬೆನ್ನುಮೂಳೆಯನ್ನು ಎಲ್ಲಿ ಸೇರುತ್ತದೆ ಅಂತ ಎಣಿಸಿ. ಎದೆಯ 12ನೇ ಮೂಳೆ ಹತ್ತಿರ ಬಂದಿದ್ದರೆ ಉಸಿರು ಚೆನ್ನಾಗಿ ತುಂಬಿದೆ. 10ರಲ್ಲೇ ನಿಂತು, ಹೃದಯ ವಪೆಗೆ ಅಂಟಿಕೊಂಡಿದ್ದರೆ ಅದು ಉಸಿರು ಬಿಟ್ಟಾಗಿನ ಪ್ಲೇಟ್. ಅದರಲ್ಲಿ ಯಾವ ಮಬ್ಬನ್ನೂ ನಂಬಬೇಡಿ.

ಎರಡನೆಯದು ಮುಂಗಾಲು. ಪೂರ್ತಿ ಮುಂದಕ್ಕೆ ಎಳೆಯದಿದ್ದರೆ ತೋಳಿನ ಮಾಂಸ ಕ್ರೇನಿಯಲ್ ಲೋಬ್ ಮೇಲೆ ಬಿದ್ದು ಬಿಳಿ ಪರದೆ ಎಳೆದ ಹಾಗಾಗುತ್ತದೆ. ಅದನ್ನೇ ನ್ಯುಮೋನಿಯಾ ಅಂದುಕೊಳ್ಳುವವರು ಬಹಳ. ಆ ಬಿಳಿಯ ಅಂಚನ್ನು ಹಿಂಬಾಲಿಸಿದರೆ ಅದು ಎದೆಗೂಡಿನಿಂದ ಹೊರಗೆ ಕಾಲಿನ ಕಡೆ ಹೋಗುತ್ತದೆ, ಅಲ್ಲೇ ಗುಟ್ಟು ರಟ್ಟು.

ಇನ್ನು ಪೋರ್ಟಬಲ್ ಮೆಷಿನ್. ಏದುಸಿರು ಬಿಡುವ ನಾಯಿಗೆ ಎಕ್ಸ್‌ಪೋಷರ್ ಸಮಯ ಸೆಕೆಂಡಿನ 60ನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ರಕ್ತನಾಳದ ಅಂಚು ಅಲುಗಾಡಿ ಮಸುಕಾಗುತ್ತದೆ. ಕೆವಿ ಏರಿಸಿ, ಎಂಎಎಸ್ ಇಳಿಸಿ, ಸಮಯ ಕಮ್ಮಿ ಮಾಡಿ. ಇದಕ್ಕೆ ತದ್ವಿರುದ್ಧ ತೊಂದರೆ ಡಿಜಿಟಲ್‌ನದು: ಸಾಫ್ಟ್‌ವೇರ್ ಅಂಚುಗಳನ್ನು ಚೂಪು ಮಾಡುವ ಸೆಟ್ಟಿಂಗ್ ಜೋರಾಗಿದ್ದರೆ ಸಾಮಾನ್ಯ ಶ್ವಾಸನಾಳದ ಗೋಡೆಯೂ ದಪ್ಪವಾಗಿ ಎದ್ದು ಕಾಣುತ್ತದೆ. ಮೂಳೆಯ ಪ್ರೀಸೆಟ್‌ನಲ್ಲಿ ಎದೆ ತೆಗೆದರೆ ಎಲ್ಲ ನಾಯಿಗೂ ಬ್ರಾಂಕೈಟಿಸ್.

ಯಲಹಂಕ_ಕ್ಲಿನಿಕ್

ಮತ್ತೆ ನೋಡಿದೆ. ಎಣಿಸಿದರೆ 10ನೇ ಮೂಳೆ. ಹೃದಯ ವಪೆಗೆ ತಾಗಿದೆ. ಎಡ ಮುಂಗಾಲು ಅರ್ಧಂಬರ್ಧ ಎಳೆದಿದ್ದೇವೆ. ಕ್ರೇನಿಯಲ್ ಲೋಬ್‌ನ ಎರಡೂ ಗೆರೆಗೆ ಹೊರಅಂಚು ಇದೆ, ಮುಂದೆ ಹೋದಂತೆ ಸಣ್ಣಗಾಗಿವೆ. ಅಂದರೆ ರಕ್ತನಾಳವೇ, ಜೊತೆಯವರು ಒಪ್ಪಿದ್ದಾರೆ. ಹಾಗಾದರೆ ಅಲ್ವಿಯೋಲಾರ್ ಅಲ್ಲ ಅಂತಾಯಿತಲ್ಲ, ಪ್ರೆಡ್ನಿಸೊಲೋನ್ ಶುರು ಮಾಡಲೇ?

ಹೆಬ್ಬಾಳ_ಹಳಬ

ತಡೆಯಿರಿ ಮಾರಾಯರೇ. ಒಂದು ಜಾಗದಲ್ಲಿ ಇಲ್ಲ ಅಂತ ಗೊತ್ತಾದರೆ ಎಲ್ಲೂ ಇಲ್ಲ ಅಂತಲ್ಲ. ವಾಂತಿ, ಎರಡೇ ದಿನದಲ್ಲಿ ಗೊರಗೊರ, ಜ್ವರ. ಈ ಮೂರು ಸೇರಿದರೆ ನನ್ನ ಕಣ್ಣು ಮೊದಲು ಹೋಗುವುದು ಬಲ ಮಧ್ಯದ ಲೋಬ್‌ಗೆ. ಆಹಾರ ಶ್ವಾಸನಾಳಕ್ಕೆ ಹೋದಾಗ ಹೆಚ್ಚಾಗಿ ಪೆಟ್ಟು ತಿನ್ನುವುದು ಅದೇ. ನೀವು ತೆಗೆದಿರುವ ಪ್ಲೇಟ್ ಅದನ್ನೇ ಬಚ್ಚಿಡುವ ಪ್ಲೇಟ್.

ಬಲ ಮಗ್ಗುಲು ಕೆಳಗೆ ಮಲಗಿಸಿದಾಗ ಆ ಬದಿಯ ಶ್ವಾಸಕೋಶ ಮೈಭಾರಕ್ಕೆ ಅಮುಕಿಕೊಂಡು ಗಾಳಿ ಕಮ್ಮಿಯಾಗುತ್ತದೆ. ಅಲ್ಲಿರುವ ಬಿಳಿ ಕಲೆಗೂ ಸುತ್ತಲಿನದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಮೇಲಿರುವ ಎಡಭಾಗದಲ್ಲಿ ಮಾತ್ರ ಗಾಳಿ ತುಂಬಿ ಅದು ಚೊಕ್ಕವಾಗಿ ಕಾಣುತ್ತದೆ. ಬಲಭಾಗ ನೋಡಬೇಕಿದ್ದರೆ ಎಡ ಮಗ್ಗುಲು ಕೆಳಗೆ ಮಾಡಿ. ಕೆಮ್ಮುವ ನಾಯಿಗೆ ಎರಡೂ ಲ್ಯಾಟರಲ್ ಬೇಕೇಬೇಕು. ನೀವು "ಹೃದಯದ ಮೇಲೆ ಸ್ವಲ್ಪ ಮಬ್ಬು" ಅಂತ ಒಂದು ಸಾಲಿನಲ್ಲಿ ದಾಟಿಸಿದ್ದೇ ನನಗೆ ಅನುಮಾನ.

ಜಯನಗರ_ಮೆಡಿಸಿನ್

ಒಂದು ಎಚ್ಚರಿಕೆ. ಉಸಿರು 44 ಇರುವ ನಾಯಿಯನ್ನು ಮಗ್ಗುಲು ಮಗ್ಗುಲು ಹೊರಳಿಸುವ ಮೊದಲು ಹತ್ತು ನಿಮಿಷ ಎದೆಯ ಮೇಲೆ ಕೂರಿಸಿ ಆಮ್ಲಜನಕ ಕೊಡಿ. ಇದರಿಂದ ಪ್ಲೇಟ್‌ಗೂ ಉಪಯೋಗ: ಇಷ್ಟು ಹೊತ್ತು ಬಲಕ್ಕೆ ಮಲಗಿದ್ದ ನಾಯಿಯ ಬಲ ಶ್ವಾಸಕೋಶ ಕುಗ್ಗಿರುತ್ತದೆ, ತಕ್ಷಣ ತಿರುಗಿಸಿ ತೆಗೆದರೆ ಆ ಕುಗ್ಗಿದ್ದೇ ಅಲ್ವಿಯೋಲಾರ್ ಥರ ಕಾಣಬಹುದು. ಬೆನ್ನ ಮೇಲೆ ಮಲಗಿಸುವ ವಿಡಿ ಬೇಡ, ಡಿವಿ ಸಾಕು. ತೀರಾ ಒದ್ದಾಡಿದರೆ ಬ್ಯೂಟಾರ್ಫನಾಲ್ ಕೆ.ಜಿ.ಗೆ 0.2 ಮಿ.ಗ್ರಾಂ. ಸ್ನಾಯುವಿಗೆ.

ಹೆಬ್ಬಾಳ_ಹಳಬ

ಮೇಡಂ, ಬ್ಯೂಟಾರ್ಫನಾಲ್ ಕೆಮ್ಮನ್ನೇ ಅಡಗಿಸುತ್ತದೆ. ಎದೆಯಲ್ಲಿ ಕೀವು ಇರುವ ನಾಯಿ ಕೆಮ್ಮಿ ಹೊರಹಾಕಬೇಕು. ನಾನಾದರೆ ಕೊಡುವುದಿಲ್ಲ.

ಜಯನಗರ_ಮೆಡಿಸಿನ್

ಒಂದು ಡೋಸ್‌ಗೆ ಅಷ್ಟೆಲ್ಲ ಆಗುವುದಿಲ್ಲ ಸರ್, ಒದ್ದಾಡಿ ಆಮ್ಲಜನಕ ಕುಸಿಯುವುದಕ್ಕಿಂತ ವಾಸಿ. ಇದರಲ್ಲಿ ನೀವು ನಿಮ್ಮ ದಾರಿ, ನಾನು ನನ್ನ ದಾರಿ.

ಯಲಹಂಕ_ಕ್ಲಿನಿಕ್

ಔಷಧಿ ಏನೂ ಬೇಕಾಗಲಿಲ್ಲ, ಸುಮ್ಮನೆ ಮಲಗಿದ. ಹದಿನೈದು ನಿಮಿಷ ಆಮ್ಲಜನಕ ಕೊಟ್ಟು, ಎರಡೂ ಮುಂಗಾಲು ಎಳೆದು, ಎಡ ಲ್ಯಾಟರಲ್ ಮತ್ತು ಡಿವಿ. ಈ ಸಲ 12ನೇ ಮೂಳೆವರೆಗೆ ಬಂದಿದೆ.

ಲ್ಯಾಟರಲ್‌ನಲ್ಲಿ ಹೃದಯದ ಮೇಲೆ ಬಿದ್ದ ಹಾಗೆ ತ್ರಿಕೋನಾಕಾರದ ಬಿಳಿ, ಕೆಳಗೆ ಎದೆಮೂಳೆಯ ಕಡೆ ಅಗಲ. ಅದರ ಹಿಂದಿನ ಅಂಚು ಕತ್ತರಿಸಿದ ಹಾಗೆ ನೇರ. ಬಿಳಿಯ ಒಳಗೆ ಕವಲೊಡೆದ ಒಂದು ಕಪ್ಪು ಕೊಳವೆ, ನೀವು ಹೇಳಿದ ಹಾಗೆ ಅದಕ್ಕೆ ಗೋಡೆಯೇ ಇಲ್ಲ. ಡಿವಿಯಲ್ಲಿ ಹೃದಯದ ಬಲ ಅಂಚು ಒಂದು ಕಡೆ ಅಳಿಸಿಹೋಗಿದೆ, ಉಳಿದ ಕಡೆ ಸರಿಯಾಗಿದೆ. ಹೃದಯ ಮಧ್ಯದಲ್ಲೇ ಇದೆ, ಬಲಕ್ಕೆ ಸರಿದಿಲ್ಲ. ಹಿಂದಿನ ಲೋಬ್‌ನ ಉಂಗುರಗಳು ಹಾಗೇ ಇವೆ.

ಹೆಬ್ಬಾಳ_ಹಳಬ

ಇದು ಅಲ್ವಿಯೋಲಾರ್. ಬಲ ಮಧ್ಯದ ಲೋಬ್.

ನೇರ ಅಂಚು ಯಾಕೆ ಬಂತು ಅಂದರೆ, ಗಾಳಿಗೂಡಿನಿಂದ ಗಾಳಿಗೂಡಿಗೆ ಹರಡುವ ದ್ರವ ಲೋಬ್‌ನ ಗಡಿ ಮುಟ್ಟಿ ಅಲ್ಲಿ ನಿಲ್ಲುತ್ತದೆ. ಆಚೆ ಬದಿಯ ಲೋಬ್‌ನಲ್ಲಿ ಗಾಳಿ ಇದೆ. ಬದುವಿನ ಈಚೆಗೆ ನೀರು ನಿಂತ ಗದ್ದೆ, ಆಚೆಗೆ ಒಣ ಹೊಲ. ಶ್ವಾಸನಾಳದ ಗೋಡೆಯ ಕಾಯಿಲೆ ಎಂದೂ ಇಂಥ ನೇರ ಅಂಚು ಕೊಡುವುದಿಲ್ಲ. ಹೃದಯದ ಅಂಚು ಅಳಿಸಿದ್ದೂ ಅದೇ ಕಾರಣಕ್ಕೆ: ಹೃದಯದ ಬಿಳಿಗೆ ಒತ್ತಿಕೊಂಡು ಇನ್ನೊಂದು ಬಿಳಿ ನಿಂತರೆ ನಡುವೆ ಗಡಿ ಇರುವುದಿಲ್ಲ.

ಹೃದಯ ಸರಿದಿಲ್ಲ ಅಂತ ಬರೆದಿದ್ದು ಬಹಳ ಮುಖ್ಯ. ಲೋಬ್ ಬರೀ ಕುಗ್ಗಿ ಬೆಳ್ಳಗಾಗಿದ್ದರೆ ಹೃದಯವನ್ನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು. ಇಲ್ಲಿ ಜಾಗ ಕಮ್ಮಿಯಾಗಿಲ್ಲ, ಏನೋ ತುಂಬಿದೆ.

ಫಿಲ್ಮ್_ಪ್ರಿಯ

ಸರಿ ಸರ್, ಒಪ್ಪಿದೆ. ಒಂದು ಅನುಮಾನ. ಕಪ್ಪು ಕೊಳವೆ ಕಾಣಿಸದೇ ಹೋಗಿದ್ದರೆ? ಆಗ ಅಲ್ವಿಯೋಲಾರ್ ಅನ್ನುವ ಹಾಗಿರಲಿಲ್ಲ ತಾನೇ?

ಹೆಬ್ಬಾಳ_ಹಳಬ

ಆಗಲೂ ಅನ್ನಬಹುದಿತ್ತು. ನಾಳದೊಳಗೂ ಕೀವು ತುಂಬಿದ್ದರೆ ಕಪ್ಪು ಎಲ್ಲಿಂದ ಬರಬೇಕು? ಇಡೀ ಲೋಬ್ ಒಂದೇ ಬಿಳಿ ಮುದ್ದೆ. ಆಗ ರಕ್ತನಾಳ ಕಾಣುತ್ತಿಲ್ಲ ಅನ್ನುವುದು, ಲೋಬ್‌ನ ನೇರ ಅಂಚು, ಪಕ್ಕದ ಹೃದಯ ಅಥವಾ ವಪೆಯ ಅಂಚು ಮಾಯವಾಗಿರುವುದು, ಇಷ್ಟೇ ಆಧಾರ. ಕೊಳವೆ ಸಿಕ್ಕರೆ ಬೋನಸ್.

ಕೋರಮಂಗಲ_ನೈಟ್‌ಡ್ಯೂಟಿ

ಹೃದಯದ ಹತ್ತಿರ ಬಿಳಿ ಅಂದರೆ ಪಲ್ಮನರಿ ಎಡೀಮಾ ಯಾಕಾಗಬಾರದು? 9 ವರ್ಷದ ನಾಯಿ. ನಾವು ರಾತ್ರಿ ಇಂಥದ್ದು ಬಂದರೆ ಮೊದಲು ಫ್ಯೂರೋಸೆಮೈಡ್ ಹಾಕಿ ಆಮೇಲೆ ಯೋಚಿಸುತ್ತೇವೆ.

ಜಯನಗರ_ಮೆಡಿಸಿನ್

ಹೃದಯದ ಎಡೀಮಾ ಒಂದೇ ಲೋಬ್‌ನ ಕೆಳತುದಿಯಲ್ಲಿ ಹೀಗೆ ಕೂರುವುದು ಅಪರೂಪ. ನಾಯಿಯಲ್ಲಿ ಅದು ಹೆಚ್ಚಾಗಿ ಹೃದಯದ ಮೇಲೆ-ಹಿಂದೆ, ಶ್ವಾಸನಾಳ ಕವಲೊಡೆಯುವ ಜಾಗದಿಂದ ಹಿಂದಕ್ಕೆ ಹರಡುತ್ತದೆ. ಜೊತೆಗೆ ಎಡ ಏಟ್ರಿಯಂ ಉಬ್ಬಿ ಶ್ವಾಸನಾಳವನ್ನು ಮೇಲಕ್ಕೆ ಎತ್ತಿರಬೇಕು, ಅಭಿಧಮನಿ ಜೊತೆಯ ಅಪಧಮನಿಗಿಂತ ದಪ್ಪವಾಗಿರಬೇಕು. ಇಲ್ಲಿ ಮರ್ಮರ್ ಇಲ್ಲ, ಜ್ವರ ಇದೆ. ಕೀವು ತುಂಬಿದ ನಾಯಿಗೆ ಮೂತ್ರ ಬರುವ ಔಷಧಿ ಹಾಕಿದರೆ ಕಫ ಗಟ್ಟಿಯಾಗಿ ಇನ್ನಷ್ಟು ಅಂಟಿಕೊಳ್ಳುತ್ತದೆ.

ಯಲಹಂಕದವರು ಎಡ ಏಟ್ರಿಯಂ ಮಾತ್ರ ಒಮ್ಮೆ ನೋಡಿ ಹೇಳಲಿ.

ಯಲಹಂಕ_ಕ್ಲಿನಿಕ್

ಹೃದಯದ ಹಿಂದಿನ ಸೊಂಟ ಚೆನ್ನಾಗಿದೆ, ಶ್ವಾಸನಾಳ ಎತ್ತಿಲ್ಲ. ಹೃದಯ ಅಳೆದರೆ 10.4 ಕಶೇರು. ಕ್ರೇನಿಯಲ್ ಲೋಬ್‌ನ ಅಪಧಮನಿ, ಅಭಿಧಮನಿ ಒಂದೇ ದಪ್ಪ.

ಜಯನಗರ_ಮೆಡಿಸಿನ್

ಹಾಗಾದರೆ ಹೃದಯವನ್ನು ಬಿಡಿ. ಪ್ರೆಡ್ನಿಸೊಲೋನ್ ಮುಟ್ಟಬೇಡಿ, ಕೆಮ್ಮು ನಿಲ್ಲಿಸುವ ಸಿರಪ್ ಬೇಡ. ಸಾಧ್ಯವಾದರೆ ಆಂಟಿಬಯೋಟಿಕ್‌ಗೆ ಮೊದಲೇ ಕಫದ ಮಾದರಿ ಕಲ್ಚರ್‌ಗೆ ತೆಗೆಯಿರಿ, ಆದರೆ ಉಸಿರು ಹೀಗಿರುವಾಗ ಅದಕ್ಕಾಗಿ ಅರಿವಳಿಕೆ ಕೊಡುವುದು ನನಗೆ ಇಷ್ಟವಿಲ್ಲ. ಆಂಪಿಸಿಲಿನ್-ಸಲ್ಬ್ಯಾಕ್ಟಮ್ ರಕ್ತನಾಳಕ್ಕೆ, ಹತ್ತು ಹದಿನೈದು ನಿಮಿಷ ಸಲೈನ್ ನೆಬ್ಯುಲೈಸರ್, ಆಮೇಲೆ ಬೊಗಸೆ ಕೈಯಿಂದ ಎದೆ ತಟ್ಟುವುದು. ಎನ್ರೊಫ್ಲಾಕ್ಸಸಿನ್ ಸೇರಿಸಬೇಕೇ ಅನ್ನುವುದನ್ನು ನಾಳೆಯ ಉಸಿರಿನ ಎಣಿಕೆ ನೋಡಿ ನಿರ್ಧರಿಸಿ.

ಫಿಲ್ಮ್_ಪ್ರಿಯ

ಹಾಗಾದರೆ ಉಂಗುರಗಳು? ಮೂರು ವಾರದ ಒಣ ಕೆಮ್ಮು ಬ್ರಾಂಕೈಟಿಸ್, ಎರಡು ದಿನದ್ದು ನ್ಯುಮೋನಿಯಾ. ನಾನು ಮೊದಲೇ ಮಿಕ್ಸೆಡ್ ಅಂದಿದ್ದೆ!

ಹೆಬ್ಬಾಳ_ಹಳಬ

ಅಂದಿದ್ದಿರಿ, ಆದರೆ ಕ್ರೇನಿಯಲ್ ಲೋಬ್‌ನ ರಕ್ತನಾಳ ನೋಡಿ ಅಂದಿದ್ದಿರಿ. ಅಡ್ರೆಸ್ ತಪ್ಪಾದರೂ ಕಾಗದ ತಲುಪಿದ ಹಾಗೆ.

ಉಂಗುರದ ವಿಷಯ ಅಷ್ಟು ಸುಲಭ ಅಲ್ಲ. ವಯಸ್ಸಾದ ನಾಯಿಯಲ್ಲಿ ಶ್ವಾಸನಾಳದ ಗೋಡೆಯಲ್ಲಿ ಸುಣ್ಣದ ಅಂಶ ಸೇರಿ ಉಂಗುರ ಕಾಣುವುದು ಮಾಮೂಲು. ಅವು ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ತೆಳು, ಚೂಪು. ಉರಿಯೂತದ ಉಂಗುರ ದಪ್ಪ, ಅಂಚು ಒರಟು, ಮತ್ತೆ ಪಕ್ಕೆಲುಬಿನ ಹತ್ತಿರ, ಸಾಮಾನ್ಯವಾಗಿ ಏನೂ ಕಾಣಬಾರದ ಜಾಗದವರೆಗೂ ಸಿಗುತ್ತದೆ. ಒಳಗೆ ಕಪ್ಪು ಇಲ್ಲದ ಗಟ್ಟಿ ಚುಕ್ಕೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ತುದಿಯಿಂದ ಕಾಣುವ ರಕ್ತನಾಳ. ನಿಮ್ಮವು ಹೇಗಿವೆ?

ಯಲಹಂಕ_ಕ್ಲಿನಿಕ್

ಹೆಚ್ಚಿನವು ತೆಳು, ಚೂಪು. ಎರಡೋ ಮೂರೋ ಸ್ವಲ್ಪ ದಪ್ಪ ಅನ್ನಿಸುತ್ತವೆ. ಆದರೆ ನಮ್ಮ ಸಾಫ್ಟ್‌ವೇರ್‌ನಲ್ಲಿ ಚೂಪು ಮಾಡುವ ಸೆಟ್ಟಿಂಗ್ ಮೇಲ್ಮಟ್ಟದಲ್ಲಿತ್ತು, ಟೆಕ್ನಿಷಿಯನ್ ಅಣ್ಣ ಹೇಳಿದ ಮೇಲೆ ನೋಡಿದ್ದು.

ಹೆಬ್ಬಾಳ_ಹಳಬ

ಹಾಗಾದರೆ ನಾನು ವಯಸ್ಸಿನದು ಅನ್ನುತ್ತೇನೆ.

ಜಯನಗರ_ಮೆಡಿಸಿನ್

ನಾನು ಅಷ್ಟು ಬೇಗ ಬಿಡುವುದಿಲ್ಲ. ದೀರ್ಘಕಾಲದ ಬ್ರಾಂಕೈಟಿಸ್ ಇರುವ ನಾಯಿಯ ಎಕ್ಸ್‌ರೇ ಪೂರ್ತಿ ಸಾಮಾನ್ಯವಾಗಿಯೂ ಇರಬಹುದು. ಹಾಗಾಗಿ ಉಂಗುರ ತೆಳುವಾಗಿದೆ ಅಂತ ಬ್ರಾಂಕೈಟಿಸ್ ಇಲ್ಲ ಅನ್ನಲಾಗದು. ನ್ಯುಮೋನಿಯಾ ವಾಸಿಯಾದ ಮೇಲೂ ಕೆಮ್ಮು ಉಳಿದರೆ ಶ್ವಾಸನಾಳ ತೊಳೆದು ಕೋಶ ಪರೀಕ್ಷೆ ಮಾಡಿಸಿ.

ಅದಕ್ಕಿಂತ ಮುಖ್ಯ, ಎರಡು ಸಲ ವಾಂತಿಯಾದ ನಾಯಿಗಳೆಲ್ಲ ಅದನ್ನು ಎದೆಗೆ ಎಳೆದುಕೊಳ್ಳುವುದಿಲ್ಲ. ಇದು ಯಾಕೆ ಎಳೆದುಕೊಂಡಿತು? ವಯಸ್ಸಾದ ಲ್ಯಾಬ್ರಡಾರ್‌ನಲ್ಲಿ ಧ್ವನಿಪೆಟ್ಟಿಗೆ ಸರಿಯಾಗಿ ಮುಚ್ಚದ ತೊಂದರೆ ಸಾಮಾನ್ಯ. ಬೊಗಳುವ ದನಿ ಬದಲಾಗಿದೆಯಾ ಕೇಳಿ. ಅದೇ ಪ್ಲೇಟ್‌ನಲ್ಲಿ ಅನ್ನನಾಳವನ್ನೂ ನೋಡಿ, ಶ್ವಾಸನಾಳದ ಮೇಲೆ ಗಾಳಿ ತುಂಬಿದ ಅಗಲ ಪಟ್ಟಿ ವಪೆಯವರೆಗೆ ಹೋಗಿದೆಯಾ ಅಂತ.

ಯಲಹಂಕ_ಕ್ಲಿನಿಕ್

ಮನೆಯವರು ದನಿ ಸ್ವಲ್ಪ ಒಡೆದಿದೆ ಅಂತಾರೆ, ಅವರ ಮಗಳು ಮೊದಲಿಂದಲೂ ಹಾಗೇ ಅಂತಾಳೆ. ಅನ್ನನಾಳದಲ್ಲಿ ಹೃದಯದ ಮೇಲ್ಗಡೆ ಮಾತ್ರ ಒಂದಿಷ್ಟು ಗಾಳಿ ಇದೆ, ಹಿಂದಕ್ಕೆ ಹೋಗಿಲ್ಲ.

ಹೆಬ್ಬಾಳ_ಹಳಬ

ಏದುಸಿರು ಬಿಡುವ ನಾಯಿ ಗಾಳಿ ನುಂಗುತ್ತದೆ, ಅಷ್ಟು ಇದ್ದರೆ ಮೆಗಾಇಸೊಫೇಗಸ್ ಅನ್ನಬೇಡಿ. ಉಸಿರು ತಹಬಂದಿಗೆ ಬಂದ ಮೇಲೆ ತೆಗೆದ ಪ್ಲೇಟ್‌ನಲ್ಲಿ ಮತ್ತೆ ನೋಡಿ. ಇನ್ನೊಂದು, ನಾಯಿ ಚೇತರಿಸಿಕೊಂಡರೂ ಎಕ್ಸ್‌ರೇ ಹಿಂದೆ ಬೀಳುತ್ತದೆ. ಮೂರನೇ ದಿನಕ್ಕೇ ತೆಗೆದು ಬಿಳಿ ಹಾಗೇ ಇದೆ ಅಂತ ಔಷಧಿ ಬದಲಾಯಿಸಬೇಡಿ. ಆದರೆ ಉಸಿರು ಏರಿದರೆ ಅವತ್ತೇ ತೆಗೆಯಿರಿ.

ಯಲಹಂಕ_ಕ್ಲಿನಿಕ್

ಇವತ್ತು ಬೆಳಿಗ್ಗೆ ಉಸಿರು 34, ಜ್ವರ 102.3. ಎನ್ರೊಫ್ಲಾಕ್ಸಸಿನ್ ಸೇರಿಸಿಲ್ಲ. ಊಟವನ್ನು ಮೆತ್ತಗೆ ಉಂಡೆ ಮಾಡಿ ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದೇವೆ. ಮುಂದಿನ ಪ್ಲೇಟ್ ಎರಡು ವಾರಕ್ಕೆ, ಎಡ ಲ್ಯಾಟರಲ್ ಮೊದಲು, ಇದೇ ಕೆವಿ, ಚೂಪು ಮಾಡುವ ಸೆಟ್ಟಿಂಗ್ ಇಳಿಸಿ. ಉಂಗುರದ ಪಂಚಾಯಿತಿ ಆಗ ಮುಂದುವರಿಸೋಣ.

ಪಗ್_ಅಮ್ಮ

ನಿದ್ದೆಯಲ್ಲಿ ಎಣಿಸಿದೆ ಮೇಡಂ, 26. ಆದ್ರೆ ಗೊರಕೆಯಿಂದ ಎರಡು ಸಲ ಲೆಕ್ಕ ತಪ್ಪಿತು.